ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ

ಸ್ವಿಚ್ ಹಾಕಿದರೆ ಮೋಟಾರು ಗುಂಯ್‌ಗುಡುತ್ತದೆ, ಕೊನೆಯ ಪೈಪಿನಲ್ಲಿ ಮಾತ್ರ ನೀರು ಬೆರಳುಗಾತ್ರ, ಇಲ್ಲವೇ ಬರೀ ಗಾಳಿ. ತೆರೆದ ಬಾವಿಯ ದಂಡೆಯ ಮೇಲೆ ಕೂರಿಸಿದ ಮಾನೋಬ್ಲಾಕ್ ಪಂಪು ಹೀಗಾದಾಗ ಬಹಳ ಮಂದಿ ಮೊದಲು ಪಂಪನ್ನೇ ಬಿಚ್ಚಿಸುತ್ತಾರೆ. ತೊಂದರೆ ಹೆಚ್ಚಾಗಿ ಇರುವುದು ಅದರ ಕೆಳಗಿನ ಪೈಪಿನಲ್ಲಿ.

ಪಂಪು ನೀರನ್ನು ಹಿಡಿದು ಎಳೆಯುವುದಿಲ್ಲ. ಒಳಗೆ ತಿರುಗುವ ಇಂಪೆಲ್ಲರ್ ತನ್ನಲ್ಲಿದ್ದ ನೀರನ್ನು ಹೊರಕ್ಕೆ ಎಸೆಯುತ್ತದೆ. ನಡುವೆ ಒತ್ತಡ ಕುಸಿಯುತ್ತದೆ. ಬಾವಿಯ ನೀರಿನ ಮೇಲೆ ಕೂತ ಗಾಳಿಯ ಭಾರವೇ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಈ ಭಾರ ಕರಾವಳಿಯಲ್ಲಿ ನೀರನ್ನು ಏರಿಸಬಲ್ಲದ್ದು ಲೆಕ್ಕಕ್ಕೆ ಸುಮಾರು 10 ಮೀಟರ್. ಹಾಸನ, ಬೆಂಗಳೂರಿನಂಥ ಎತ್ತರದ ಊರುಗಳಲ್ಲಿ ಇನ್ನೊಂದು ಮೀಟರ್ ಕಡಿಮೆ. ಪೈಪಿನ ಘರ್ಷಣೆಯೂ ಸೇರಿದರೆ ಕೈಗೆ ಸಿಗುವುದು 6 ಮೀಟರಿನ ಆಸುಪಾಸು. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗಿಳಿದಿದ್ದರೆ ಯಾವ ರಿಪೇರಿಯೂ ಫಲ ಕೊಡದು, ಪಂಪನ್ನೇ ಕೆಳಗಿಳಿಸಬೇಕು. ಆದ್ದರಿಂದ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಮಟ್ಟ ಅಳೆಯಿರಿ.

ಒಂದು ಉದಾಹರಣೆ ಹಿಡಿಯೋಣ. 3 ಎಚ್‌ಪಿ ಪಂಪು, ಬಾವಿಗಿಳಿದಿರುವುದು ಮೂರು ಇಂಚಿನ ಪೈಪು, ನೀರು 5 ಮೀಟರ್ ಕೆಳಗೆ. ಹೊಸದರಲ್ಲಿ 200 ಲೀಟರಿನ ಡ್ರಮ್ಮು 35 ಸೆಕೆಂಡಿನಲ್ಲಿ ತುಂಬುತ್ತಿತ್ತು. ಈಗ ಒಂದೂವರೆ ನಿಮಿಷ ಬೇಕು, ಕೆಲವೊಮ್ಮೆ ನೀರು ನಿಂತೇಹೋಗುತ್ತದೆ.

ಮೊದಲ ಪ್ರಶ್ನೆ: ತುಂಬಿದ ನೀರು ನಿಲ್ಲುತ್ತದೆಯೇ? ಗಾಳಿ ತುಂಬಿದ ಇಂಪೆಲ್ಲರ್ ಎಷ್ಟು ತಿರುಗಿದರೂ ನೀರೇರಿಸುವಷ್ಟು ಒತ್ತಡ ಕುಸಿಯುವುದಿಲ್ಲ. ಅದಕ್ಕೇ ಚಾಲೂ ಮಾಡುವ ಮುಂಚೆ ಪೈಪಿಗೂ ಪಂಪಿನ ಹೊಟ್ಟೆಗೂ ನೀರು ತುಂಬಬೇಕು. ಮೂರು ಇಂಚಿನ ಪೈಪು ಮೀಟರಿಗೆ ಸುಮಾರು 5 ಲೀಟರ್ ಹಿಡಿಯುತ್ತದೆ. ಎರಡು ಮೂರು ಕೊಡ ಸುರಿದರೂ ಬಾಯಿಗೆ ನೀರು ಬರದಿದ್ದರೆ, ಅಥವಾ ಬಂದದ್ದು ನೋಡನೋಡುತ್ತ ಇಳಿದರೆ, ತಳದ ಫುಟ್‌ವಾಲ್ವ್ ಸೋರುತ್ತಿದೆ. ಎಲೆ, ಕಡ್ಡಿ ಸಿಕ್ಕಿರಬಹುದು, ಒಳಗಿನ ಚರ್ಮದ ಇಲ್ಲವೇ ರಬ್ಬರಿನ ಬಿಲ್ಲೆ ಸವೆದಿರಬಹುದು. ನಮ್ಮ ಪಂಪಿನಲ್ಲಿ ರಾತ್ರಿಯಿಡೀ ನೀರು ನಿಂತಿತು. ಫುಟ್‌ವಾಲ್ವ್ ಸರಿಯಿದೆ.

ಎರಡನೆಯದು: ಓಡುವಾಗ ಗಾಳಿ ನುಗ್ಗುತ್ತಿದೆಯೇ? ಪಂಪು ಶುರುವಿನಲ್ಲಿ ಚೆನ್ನಾಗಿ ಎತ್ತಿತು, ಕೆಲವು ನಿಮಿಷಕ್ಕೆ ನೀರು ಹಾಲಿನಂತೆ ಬೆಳ್ಳಗಾಗಿ ತೊದಲತೊಡಗಿತು. ಇದು ಗಾಳಿಯ ಗುರುತು. ಬಾವಿ ಕಡೆಯ ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ, ಓಡುವಾಗ ಅಲ್ಲಿನ ಬಿರುಕಿನಿಂದ ನೀರು ತೊಟ್ಟಿಕ್ಕುವುದಿಲ್ಲ, ಗಾಳಿ ಒಳಹೋಗುತ್ತದೆ. ಕಣ್ಣಿಗೆ ಏನೂ ಕಾಣದು. ಫ್ಲ್ಯಾಂಜು, ಕೀಲುಗಳು, ಶಾಫ್ಟಿನ ಗ್ಲ್ಯಾಂಡ್‌ನ ಸುತ್ತ ಸೋಪಿನ ದಪ್ಪ ನೊರೆ ಬಳಿದು ನೋಡಿ. ನೊರೆ ಒಳಕ್ಕೆ ಸೆಳೆದುಕೊಂಡು ಹೋದ ಕಡೆಯೇ ತೂತು. ಗ್ಲ್ಯಾಂಡ್‌ಗೆ ದಾರ ಸುತ್ತಿದ ಪಂಪಾದರೆ ಓಡುವಾಗ ಅಲ್ಲಿಂದ ಹನಿ ಹನಿಯಾಗಿ ನೀರು ಬೀಳುತ್ತಿರಬೇಕು; ಪೂರ್ತಿ ಒಣಗಿದ್ದರೆ ಅನುಮಾನಿಸಿ. ಪೈಪು ಪಂಪಿನತ್ತ ಏರುತ್ತಲೇ ಬರಬೇಕು, ನಡುವೆ ಎಲ್ಲಾದರೂ ಗೂನು ಬಿದ್ದಿದ್ದರೆ ಗಾಳಿ ಅಲ್ಲಿ ಕೂರುತ್ತದೆ. ಫುಟ್‌ವಾಲ್ವ್ ನೀರಿನಲ್ಲಿ ಎರಡಡಿಯಾದರೂ ಮುಳುಗಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಹೋಗುತ್ತದೆ. ನಮ್ಮಲ್ಲಿ ಫ್ಲ್ಯಾಂಜಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿದ ಮೇಲೆ ನೀರು ನಿಲ್ಲದೆ ಬಂತು, ಆದರೆ ಡ್ರಮ್ಮು ತುಂಬಲು ಇನ್ನೂ 50 ಸೆಕೆಂಡು.

ಉಳಿದದ್ದು ಇಂಪೆಲ್ಲರ್. ಮೂರು ಫೇಸಿನ ಮೋಟಾರಾದರೆ ಅದಕ್ಕೂ ಮುಂಚೆ ತಿರುಗುವ ದಿಕ್ಕು ನೋಡಿ. ಲೈನು ಕೆಲಸದ ನಂತರ ಫೇಸು ಅದಲುಬದಲಾಗಿದ್ದರೆ ಪಂಪು ಉಲ್ಟಾ ತಿರುಗಿ ಅರೆಬರೆ ನೀರು ಕೊಡುತ್ತದೆ. ದಿಕ್ಕು ಸರಿಯಿದ್ದರೆ ಮೇಲಿನ ಪೈಪಿನ ವಾಲ್ವ್ ಅರ್ಧ ನಿಮಿಷ ಪೂರ್ತಿ ಮುಚ್ಚಿ, ವಾಲ್ವಿಗೂ ಪಂಪಿಗೂ ನಡುವಿನ ಪ್ರೆಶರ್ ಗೇಜ್ ಓದಿ. ಹೆಚ್ಚು ಹೊತ್ತು ಮುಚ್ಚಿಟ್ಟರೆ ಒಳಗಿನ ನೀರು ಬಿಸಿಯಾಗುತ್ತದೆ. ಹೊಸದರಲ್ಲಿ 2.7 ಕಿಲೋ ಇದ್ದದ್ದು, ಬಾವಿ ನೀರು ಅದೇ ಮಟ್ಟದಲ್ಲಿರುವಾಗ 2.1 ಆಗಿದ್ದರೆ, ಪಂಪಿನ ಶಕ್ತಿ 6 ಮೀಟರ್ ಎತ್ತರದಷ್ಟು ಇಳಿದಿದೆ. ಮರಳು ನೀರು ಎಲೆಗಳ ಅಂಚನ್ನೂ ಬಾಯಿಯ ಸುತ್ತಲ ಸಣ್ಣ ಸಂದನ್ನೂ ತಿಂದಿರುತ್ತದೆ. ಎಸೆದ ನೀರು ಆ ಸಂದಿನಿಂದ ಮತ್ತೆ ಒಳಕ್ಕೇ ಸುತ್ತುತ್ತದೆ. ಕಸ ಸಿಕ್ಕಿದ್ದರೂ ನೀರು ಕಡಿಮೆಯಾಗುತ್ತದೆ, ಹಾಗಾಗಿ ಬಿಚ್ಚಿ ನೋಡಿಯೇ ತೀರ್ಮಾನಿಸಬೇಕು.

ಬಿಚ್ಚುವಾಗ ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಹೊಸ ಇಂಪೆಲ್ಲರ್ ಜೊತೆ ಸವೆದ ರಿಂಗನ್ನೂ ಬದಲಿಸಿ, ಇಲ್ಲದಿದ್ದರೆ ಸಂದು ಹಾಗೇ ಉಳಿಯುತ್ತದೆ. ಜೋಡಿಸಿದ ದಿನವೇ ಡ್ರಮ್ಮಿನ ಸೆಕೆಂಡು, ಗೇಜಿನ ಓದು, ಬಾವಿಯ ಮಟ್ಟ ಮೂರನ್ನೂ ಸ್ಟಾರ್ಟರ್ ಡಬ್ಬಿಯ ಒಳಬದಿಗೆ ಬರೆದಿಡಿ. ಮುಂದಿನ ಸಲ ನೀರು ಕಡಿಮೆಯಾದಾಗ, ಇಳಿದದ್ದು ಬಾವಿಯೋ ಪಂಪೋ ಎಂದು ಬಿಚ್ಚುವ ಮುಂಚೆಯೇ ಗೊತ್ತಾಗುತ್ತದೆ.