ಸೋಲಾರ್ ವಾಟರ್ ಹೀಟರ್ ಡೆಮೊ: ಮಾತಾಡುವವರ ಚೀಟಿಯಲ್ಲಿ ಏನಿರಬೇಕು?

ಹತ್ತು ನಿಮಿಷದ ಡೆಮೊದಲ್ಲಿ ಸೋಲಾರ್ ಹೀಟರಿನ ನೀರು ಕಣ್ಣೆದುರೇ ಕಾಯುವುದಿಲ್ಲ. ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾದರಿಯನ್ನು ಬೆಳಿಗ್ಗೆಯೇ ಬಿಸಿಲಿಗಿಟ್ಟು, ಅರ್ಧ ಗಂಟೆಗೊಮ್ಮೆ ಉಷ್ಣತೆ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಮಾತಿನ ಚೀಟಿ ಹುಟ್ಟುವುದು ಆ ಪಟ್ಟಿಯಿಂದಲೇ. ಅದರಲ್ಲಿ ಉದ್ದುದ್ದ ವಾಕ್ಯಗಳು ಬೇಡ. ಯಾವ ಭಾಗಕ್ಕೆ ಕೈ ತೋರಿಸಬೇಕು, ಯಾವ ಅಂಕಿ ಹೇಳಬೇಕು ಎಂಬಷ್ಟಿದ್ದರೆ ಸಾಕು.

ಮೊದಲ ಎರಡು ನಿಮಿಷ ನೀರಿನ ಓಟಕ್ಕೆ. ಗಾಜಿನಡಿಯ ಕಪ್ಪು ತಗಡು ಕಾದಾಗ ಅದಕ್ಕೆ ಅಂಟಿದ ಕೊಳವೆಯ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಕಿಲ್ಲ. ಇದೇ ಥರ್ಮೋಸೈಫನ್. ನಡುವೆ ಒಂದು ಗಾಜಿನ ಕೊಳವೆ ಜೋಡಿಸಿ ಹನಿ ಬಣ್ಣ ಬಿಟ್ಟರೆ, ಅದು ನಿಧಾನವಾಗಿ ಮೇಲಕ್ಕೆ ಸರಿಯುವುದು ಎಲ್ಲರಿಗೂ ಕಾಣುತ್ತದೆ.

ಮುಂದಿನದು ಲೆಕ್ಕ. ಉದಾಹರಣೆಗೆ, ಅರ್ಧ ಚದರ ಮೀಟರ್ ಕಲೆಕ್ಟರ್, 15 ಲೀಟರ್ ಟ್ಯಾಂಕ್ ಇರುವ ಮಾದರಿಯಲ್ಲಿ 10 ಗಂಟೆಗೆ 26 ಡಿಗ್ರಿ ಇದ್ದ ನೀರು 1 ಗಂಟೆಗೆ 48 ಡಿಗ್ರಿಗೆ ಬಂತು ಎಂದಿರಲಿ. 15 ಕೆ.ಜಿ. ನೀರು, 22 ಡಿಗ್ರಿ ಏರಿಕೆ, ನೀರಿನ ವಿಶಿಷ್ಟೋಷ್ಣ 4.18: ಗುಣಿಸಿದರೆ ಸುಮಾರು 1,380 ಕಿಲೋಜೂಲ್. ಬಿಸಿಲು ಚದರ ಮೀಟರಿಗೆ ಸರಾಸರಿ 800 ವ್ಯಾಟ್ ಇದ್ದರೆ, ಮೂರು ಗಂಟೆಯಲ್ಲಿ ಕಲೆಕ್ಟರಿನ ಮೇಲೆ ಬಿದ್ದದ್ದು 4,320 ಕಿಲೋಜೂಲ್. ದಕ್ಷತೆ ಸುಮಾರು ಶೇ. 32.

ಈ ಲೆಕ್ಕ ಎಡವುವುದು ಥರ್ಮಾಮೀಟರ್ ಇಟ್ಟ ಜಾಗದಲ್ಲಿ. ಬಿಸಿನೀರು ಟ್ಯಾಂಕಿನ ಮೇಲ್ಭಾಗದಲ್ಲೇ ನಿಲ್ಲುವುದರಿಂದ ಅಲ್ಲಿ 56, ನಡುವೆ 48, ತಳದಲ್ಲಿ 40 ಡಿಗ್ರಿ ಇರಬಹುದು. ಮೇಲಿನದನ್ನಷ್ಟೇ ನೋಡಿದರೆ ದಕ್ಷತೆ ಶೇ. 44 ಎಂದು ತಪ್ಪಾಗಿ ಬರುತ್ತದೆ. ಆದ್ದರಿಂದ ಚೀಟಿಯಲ್ಲಿ ಮೂರೂ ಅಂಕಿಗಳು, ಅವುಗಳ ಸರಾಸರಿ ಇರಬೇಕು. ‘ಅಳತೆ ಎಲ್ಲಿ ತೆಗೆದಿರಿ?’ ಎಂದು ಪರೀಕ್ಷಕರು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ಉಳಿದ ಶಾಖ ಎಲ್ಲಿ ಹೋಯಿತು ಎಂಬುದಕ್ಕೂ ಒಂದು ಸಾಲು ಬೇಕು: ಒಂದಷ್ಟು ಬಿಸಿಲನ್ನು ಗಾಜೇ ಹಿಂದಕ್ಕೆ ಕಳಿಸುತ್ತದೆ, ಕಾದ ತಗಡು ಗಾಜಿನ ಮೂಲಕ ಗಾಳಿಗೆ ಶಾಖ ಬಿಡುತ್ತದೆ, ಹೊದಿಕೆಯಿಲ್ಲದ ಕೊಳವೆಗಳೂ ಸೋರುತ್ತವೆ.

ಕೊನೆಯ ಸಾಲು ಕೆಟ್ಟು ನಿಂತಾಗಿನದು. ಕಲೆಕ್ಟರಿನಿಂದ ಹೊರಡುವ ಕೊಳವೆ ಕೈ ಸುಡುವಷ್ಟು ಬಿಸಿಯಾಗಿದ್ದು ಟ್ಯಾಂಕ್ ತಣ್ಣಗೇ ಇದ್ದರೆ, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಬಿಸಿನೀರಿನ ಕೊಳವೆ ಎಲ್ಲೂ ತಗ್ಗದೆ ಟ್ಯಾಂಕಿನವರೆಗೆ ಏರುತ್ತಲೇ ಹೋಗಬೇಕು. ಟ್ಯಾಂಕಿನ ತಳ ಕಲೆಕ್ಟರಿನ ತುದಿಗಿಂತ ಸುಮಾರು ಒಂದು ಅಡಿ ಮೇಲಿದ್ದರೆ ರಾತ್ರಿ ನೀರು ಹಿಮ್ಮುಖವಾಗಿ ಹರಿದು ತಣಿಯುವುದೂ ತಪ್ಪುತ್ತದೆ.