ಬೆಲೆಯ ಹಿಂದಿನ ಕೆಲಸವನ್ನು ಬರೆಯುವುದು

ಸಕಲೇಶಪುರದ ಕಡೆ ಐದು ಕೋಣೆಗಳ ಹೋಂಸ್ಟೇ ನಡೆಸುವವರೊಬ್ಬರು ವೆಬ್‌ಸೈಟ್ ಮಾಡಿಸಲು ಹೊರಟಿದ್ದಾರೆ ಎಂದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಕಳಿಸುತ್ತಾರೆ: ಬುಕಿಂಗ್ ಕ್ಯಾಲೆಂಡರ್, ಆನ್‌ಲೈನ್ ಪೇಮೆಂಟ್, ಫೋಟೊ ಗ್ಯಾಲರಿ, ಕನ್ನಡ-ಇಂಗ್ಲಿಷ್ ಎರಡೂ ಭಾಷೆ, ಬುಕ್ ಆದ ಕೂಡಲೇ ಮೆಸೇಜ್. ಹಾಸನದಲ್ಲಿ ಇಬ್ಬರೇ ಸೇರಿ ನಡೆಸುವ ಪುಟ್ಟ ಕಂಪನಿ ಅದೇ ಪಟ್ಟಿಯನ್ನು ಲೆಟರ್‌ಹೆಡ್ಡಿಗೆ ಇಳಿಸಿ, ಕೆಳಗೆ ₹1,40,000 ಎಂದು ಬರೆದು ಕಳಿಸುತ್ತದೆ. ಮಾರನೇ ದಿನ ಫೋನ್: "ಗ್ಯಾಲರಿ ಬೇಡ ಬಿಡಿ, ಎಷ್ಟು ಕಮ್ಮಿ ಮಾಡ್ತೀರಾ?"

ಪ್ರಶ್ನೆ ನ್ಯಾಯವಾದದ್ದೇ. ಐದು ಬಾಬತ್ತುಗಳಲ್ಲಿ ಒಂದು ಹೋದರೆ ಬೆಲೆಯೂ ಐದನೇ ಒಂದು ಪಾಲು ಇಳಿಯಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಗ್ಯಾಲರಿ ಅರ್ಧ ದಿನದ ಕೆಲಸ. ದಿನಕ್ಕೆ ₹4,000 ಲೆಕ್ಕ ಹಿಡಿದರೆ ಎರಡು ಸಾವಿರ ಉಳಿದೀತು. ಪೇಮೆಂಟ್ ಮತ್ತು ಮೆಸೇಜ್ ಎಂಟು ದಿನ ತಿನ್ನುತ್ತವೆ. ಪಟ್ಟಿ ಇದನ್ನು ಹೇಳುವುದಿಲ್ಲ. ಅದರಲ್ಲಿ ಎಲ್ಲ ಸಾಲುಗಳೂ ಒಂದೇ ಗಾತ್ರ.

ಹಾಗಾಗಿ ಕಂಪನಿಯವರು ಬರೆಯುವುದಕ್ಕೆ ಮೊದಲು ಒಮ್ಮೆ ಕೇಳಬೇಕಿತ್ತು, ಈಗ ಬುಕಿಂಗ್ ಹೇಗೆ ನಡೆಯುತ್ತಿದೆ ಎಂದು. ಕೇಳಿದರೆ ವಿಷಯ ಹೊರಬರುತ್ತದೆ: ಫೋನಿನಲ್ಲಿ ಬಂದದ್ದು ಡೈರಿಗೆ, ಏರ್‌ಬಿಎನ್‌ಬಿಯಲ್ಲಿ ಬಂದದ್ದು ಮಗಳ ಮೊಬೈಲಿಗೆ. ಲಾಂಗ್ ವೀಕೆಂಡ್ ಬಂತೆಂದರೆ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಲ್ಲುತ್ತವೆ. ಪ್ರಪೋಸಲ್‌ನ ಮೊದಲ ಪ್ಯಾರಾ ಇದೇ ಆಗಬೇಕು, ಅದೂ ಗ್ರಾಹಕರು ಹೇಳಿದ ಮಾತಿನಲ್ಲೇ. ಪಟ್ಟಿಯಲ್ಲಿದ್ದದ್ದೆಲ್ಲ ಈ ತೊಂದರೆಯ ಸುತ್ತ ಮೂರು ಭಾಗವಾಗಿ ಕೂರುತ್ತದೆ: ಎಲ್ಲ ಬುಕಿಂಗೂ ಒಂದೇ ಕ್ಯಾಲೆಂಡರಿಗೆ ಬರುವುದು 14 ದಿನ, ಮುಂಗಡ ಹಣ ಮತ್ತು ಮೆಸೇಜ್ 8 ದಿನ, ಎರಡು ಭಾಷೆಯ ಪುಟಗಳು ಹಾಗೂ ಫೋಟೊ 9 ದಿನ. ಪರೀಕ್ಷೆ ಮಾಡಿ ಕಲಿಸಿಕೊಡಲು ಇನ್ನು 4. ಒಟ್ಟು 35 ದಿನ. ₹1,40,000 ಬಂದದ್ದು ಇಲ್ಲಿಂದ.

ಪೇಮೆಂಟಿಗೆ ಅಷ್ಟೊಂದು ದಿನ ಏಕೆಂಬುದನ್ನೂ ಅಲ್ಲೇ ನಾಲ್ಕು ಸಾಲಿನಲ್ಲಿ ಬರೆಯಬೇಕು. ಅತಿಥಿ ಹಣ ಕಟ್ಟುವಷ್ಟು ಹೊತ್ತು ಕೋಣೆಯನ್ನು, ಹದಿನೈದು ನಿಮಿಷ ಅನ್ನಿ, ಬೇರೆಯವರಿಗೆ ಸಿಗದಂತೆ ಹಿಡಿದಿಡಬೇಕು. ಹಣ ಬಾರದಿದ್ದರೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟು, ಆ ಕೋಣೆ ಇನ್ನೊಬ್ಬರಿಗೆ ಹೋದಮೇಲೆ ಹಣ ಬಂದರೆ ಹಿಂದಿರುಗಿಸಬೇಕು. ಹೋಂಸ್ಟೇ ನಡೆಸುವವರಿಗೆ ಇದು ಕಂಪ್ಯೂಟರ್ ವಿಷಯ ಅನಿಸುವುದಿಲ್ಲ, ದಿನಾ ಕಾಣುವ ತಲೆನೋವು.

ಹಣ ಕಡಿಮೆ ಮಾಡಲೇಬೇಕಾದರೆ ಈಗ ಎಲ್ಲಿ ಕತ್ತರಿ ಹಾಕಬಹುದೆಂದು ಇಬ್ಬರಿಗೂ ಕಾಣುತ್ತದೆ. ಎರಡನೇ ಭಾಗ ಬಿಟ್ಟರೆ ₹32,000 ಇಳಿದು ₹1,08,000 ಆಗುತ್ತದೆ. ಆಗ ಮುಂಗಡವನ್ನು ಈಗಿನಂತೆ ಯುಪಿಐಗೆ ಹಾಕಿಸಿಕೊಂಡು, ಕ್ಯಾಲೆಂಡರಿನಲ್ಲಿ ಕೈಯಾರೆ ಗುರುತು ಮಾಡಬೇಕು. ಐದೇ ಕೋಣೆ ಇರುವವರಿಗೆ ಮೊದಲ ವರ್ಷ ಇಷ್ಟೇ ಸಾಕೆಂದು ನನ್ನ ಅಭಿಪ್ರಾಯ. ಬರೆಯುವ ಕಂಪನಿಗೆ ಇದು ರುಚಿಸಲಿಕ್ಕಿಲ್ಲ. ಕೆಲಸ ಒಂದಿಷ್ಟೂ ಇಳಿಸದೆ ಸುಮ್ಮನೆ ಇಪ್ಪತ್ತು ಸಾವಿರ ಬಿಟ್ಟುಕೊಡುವುದು ಮಾತ್ರ ಕೆಟ್ಟ ಅಭ್ಯಾಸ. ಮೊದಲು ಹೇಳಿದ್ದು ಸುಳ್ಳು ಬೆಲೆ ಎಂದು ತಾವೇ ಒಪ್ಪಿಕೊಂಡಂತೆ.

ಮಾಡಲಾಗದ್ದನ್ನೂ ಬರೆಯಬೇಕು. ಏರ್‌ಬಿಎನ್‌ಬಿಯ ಕ್ಯಾಲೆಂಡರನ್ನು ಐಕ್ಯಾಲ್ ಲಿಂಕ್ ಮೂಲಕ ಜೋಡಿಸಿದರೆ ಹೆಚ್ಚು ಖರ್ಚಿಲ್ಲ. ಆದರೆ ಅದು ಆ ಕ್ಷಣಕ್ಕೇ ಬದಲಾಗುವುದಿಲ್ಲ, ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ಆ ನಡುವೆ ಎರಡೆರಡು ಬುಕಿಂಗ್ ಆಗಬಹುದು. ತಕ್ಷಣ ಬದಲಾಗಬೇಕೆಂದರೆ ಚಾನೆಲ್ ಮ್ಯಾನೇಜರ್ ಎಂಬ ಸೇವೆ ಬೇಕು, ಅದಕ್ಕೆ ಪ್ರತ್ಯೇಕ ಬಾಡಿಗೆ. "ಡಬಲ್ ಬುಕಿಂಗ್ ಇನ್ನು ಆಗುವುದೇ ಇಲ್ಲ" ಎಂದು ಬರೆದುಕೊಟ್ಟವರು ಮೊದಲ ಹಬ್ಬದ ರಜೆಯಲ್ಲೇ ಸಿಕ್ಕಿಬೀಳುತ್ತಾರೆ.

ಅಳತೆಗಳೂ ಬೇಕು: ಐದು ಕೋಣೆ, ನಲವತ್ತು ಫೋಟೊ, ಎರಡು ಭಾಷೆ, ಎರಡು ಸುತ್ತಿನ ತಿದ್ದುಪಡಿ. ಅದರಾಚೆಗಿನದಕ್ಕೆ ದಿನದ ದರ. ಫೋಟೊ, ಬರಹ, ಬುಕಿಂಗ್ ರದ್ದಾದರೆ ಎಷ್ಟು ವಾಪಸ್ ಎಂಬ ನಿಯಮ, ಇವನ್ನು ಕೊಡಬೇಕಾದವರು ಗ್ರಾಹಕರು.

ಕಂತುಗಳನ್ನು ತಾರೀಖಿಗೆ ಕಟ್ಟುವ ಬದಲು ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟುವುದು ವಾಸಿ. ಶುರುವಿಗೆ ₹42,000, ಡೈರಿಯಲ್ಲಿರುವ ಬುಕಿಂಗುಗಳೆಲ್ಲ ಹೊಸ ಕ್ಯಾಲೆಂಡರಿನಲ್ಲಿ ಕಂಡ ದಿನ ₹56,000, ಒಪ್ಪಿಸಿದಾಗ ಉಳಿದ ₹42,000.

ಕೊನೆಯಲ್ಲಿ ಬೇರೆಯಾಗಿ ಒಂದು ಸಾಲು ಇರಲಿ. ಕಂಪನಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇ 18 ಸೇರಿ ₹1,65,200 ಆಗುತ್ತದೆ. ಡೊಮೇನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ ಶುಲ್ಕ ಇದರಲ್ಲಿಲ್ಲ. ಅವನ್ನು ಗ್ರಾಹಕರು ಮುಂದೆಯೂ ಕಟ್ಟುತ್ತಲೇ ಇರಬೇಕು, ಸಹಿ ಹಾಕುವ ಮೊದಲೇ ಅದು ಅವರಿಗೆ ಗೊತ್ತಿರಬೇಕು.