ಹೊಸಬರ ಭಾನುವಾರದ ಸೈಕಲ್ ಸವಾರಿ

ಹೊಸಬರಿಗಾಗಿ ಸೈಕಲ್ ಕ್ಲಬ್ಬುಗಳು ಕಳಿಸುವ ಭಾನುವಾರದ ಸವಾರಿಯ ಆಹ್ವಾನದಲ್ಲಿ ಸೇರುವ ಜಾಗ, ಹೊರಡುವ ಹೊತ್ತು, ದೂರ, ವೇಗ, ತಿಂಡಿಗೆ ನಿಲ್ಲುವ ಹೋಟೆಲು ಇಷ್ಟು ಇರುತ್ತದೆ. ಇದರಲ್ಲಿ ಮೊದಲು ನೋಡಬೇಕಾದದ್ದು ದೂರವನ್ನಲ್ಲ, ವೇಗವನ್ನು. ಗಂಟೆಗೆ 15ರಿಂದ 18 ಕಿಲೋಮೀಟರ್ ಎಂದಿದ್ದರೆ ಮಾಮೂಲಿ ಸೈಕಲ್ಲಿನಲ್ಲೂ ಜೊತೆಗೆ ಸಾಗಬಹುದು. 25 ಎಂದಿದ್ದರೆ ಅದು ಪಳಗಿದವರ ಗುಂಪು. ಬೆಂಗಳೂರಿನವರಿಗೆ ನಂದಿಬೆಟ್ಟದ ಮೋಹ ಹೆಚ್ಚು. ಆದರೆ ಅಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ತಿರುವುಗಳಲ್ಲಿ ಬ್ರೇಕಿನ ಹದ ತಿಳಿಯದವರಿಗೆ ಮೊದಲ ಸವಾರಿಗೆ ಸಮತಟ್ಟಾದ ರಸ್ತೆಯೇ ಸರಿ.

ಹೊರಡುವ ಮುನ್ನ ಮೂರು ವಸ್ತುಗಳ ತಪಾಸಣೆ ನಡೆಯುತ್ತದೆ: ಟೈರಿನ ಗಾಳಿ, ಬ್ರೇಕು, ಚೈನು. ಬ್ರೇಕ್ ಲಿವರನ್ನು ಪೂರ್ತಿ ಒತ್ತಿದಾಗ ಅದು ಹ್ಯಾಂಡಲ್ಲಿಗೆ ತಾಗಿದರೆ ಕೇಬಲ್ ಸಡಿಲಾಗಿದೆ ಎಂದೋ ಪ್ಯಾಡ್ ಸವೆದಿದೆ ಎಂದೋ ಅರ್ಥ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಹಿಂದಕ್ಕೆ ಸರಿಸಿ ತೊಟ್ಟರೆ ಹಣೆ ಬಯಲಾಗುತ್ತದೆ. ಬೆಳಕು ಹರಿಯುವ ಮೊದಲೇ ಹೊರಡುವುದಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು.

ಒಬ್ಬಂಟಿ ಸವಾರಿಯಲ್ಲಿ ಇಲ್ಲದ ಅಪಾಯವೊಂದು ಗುಂಪಿನಲ್ಲಿದೆ, ಅದು ಮುಂದಿನ ಸೈಕಲ್ಲು. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಮುಂದಿನವರು ಬ್ರೇಕ್ ಹಿಡಿದದ್ದು ಕಣ್ಣಿಗೆ ಬಿದ್ದು ಕೈ ಲಿವರಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆಯುತ್ತದೆ. ಆದ್ದರಿಂದ ಹೊಸಬರು ಎರಡು ಮೂರು ಸೈಕಲ್ಲುಗಳ ಉದ್ದದಷ್ಟು ಅಂತರ ಬಿಡಬೇಕು. ಇದಕ್ಕಿಂತ ಕೆಟ್ಟದ್ದು ಮುಂದಿನವರ ಹಿಂಚಕ್ರದ ಪಕ್ಕಕ್ಕೆ ತನ್ನ ಮುಂಚಕ್ರ ನುಗ್ಗಿಸಿಕೊಂಡು ಹೋಗುವುದು. ಅವರು ಹೊಂಡ ತಪ್ಪಿಸಲು ಒಂದು ಗೇಣು ಪಕ್ಕಕ್ಕೆ ಸರಿದರೂ ಎರಡೂ ಚಕ್ರ ತಾಗುತ್ತವೆ. ಆಗ ಮುಂದಿನವರು ಹೇಗೋ ಸಾವರಿಸಿಕೊಳ್ಳುತ್ತಾರೆ, ಬೀಳುವವರು ಸಾಮಾನ್ಯವಾಗಿ ಹಿಂದಿನವರು. ಹ್ಯಾಂಡಲ್ ತಿರುಗಿಸಲು ಅವರಿಗೆ ಎಡೆಯೇ ಉಳಿದಿರುವುದಿಲ್ಲ.

ಅದಕ್ಕೇ ಗುಂಪಿನಲ್ಲಿ ಮಾತು, ಸನ್ನೆ ಎರಡೂ ನಡೆಯುತ್ತಿರಬೇಕು. ಹೊಂಡ ಕಂಡವರು ಆ ಬದಿಯ ಕೈಯನ್ನು ಕೆಳಕ್ಕೆ ಚಾಚಿ ತೋರಿಸಿ ‘ಹೊಂಡ’ ಎಂದು ಕೂಗುತ್ತಾರೆ, ಹಿಂದಿನವರು ಅದನ್ನೇ ಕೂಗಿ ಸಾಲಿನ ಕೊನೆಗೆ ಮುಟ್ಟಿಸುತ್ತಾರೆ. ಒಂದು ಕೈಯಲ್ಲಿ ಸೈಕಲ್ ನಿಭಾಯಿಸಲಾಗದವರು ಕೂಗಿದರೆ ಸಾಕು, ಕೈ ಬಿಡಬಾರದು. ವಾಹನವಿರುವ ರಸ್ತೆಯಲ್ಲಿ ಎಡಗಡೆ ಒಂದೇ ಸಾಲು. ಹರಟೆಗೆ ಜೋಡಿಯಾಗಿ ಹೋಗುವ ಆಸೆ ತಿಂಡಿಯ ಹೊತ್ತಿಗೆ ಮೀಸಲು. ಪಂಕ್ಚರ್ ಆದರೆ ಎಲ್ಲರೂ ಡಾಂಬರಿನಿಂದ ಪೂರ್ತಿ ಕೆಳಗಿಳಿದು ನಿಲ್ಲಬೇಕು.

ಗುಂಪಿನ ಮುಂದೆ ದಾರಿ ಬಲ್ಲವರೊಬ್ಬರು, ಕಟ್ಟಕಡೆಗೆ ‘ಸ್ವೀಪ್’ ಎನ್ನುವ ಇನ್ನೊಬ್ಬರು ಇರುತ್ತಾರೆ. ಯಾರೇ ಸುಸ್ತಾದರೂ ಸ್ವೀಪ್ ಅವರನ್ನು ದಾಟಿ ಮುಂದೆ ಹೋಗುವುದಿಲ್ಲ. ಆಹ್ವಾನದಲ್ಲಿ ಸ್ವೀಪ್ ಯಾರೆಂದು ಹೇಳದಿದ್ದರೆ ಫೋನ್ ಮಾಡಿ ಕೇಳಬೇಕು. ಹೆಲ್ಮೆಟ್ ಇಲ್ಲದೆ ಬಂದವರನ್ನು ಮುಲಾಜಿಲ್ಲದೆ ವಾಪಸ್ ಕಳಿಸುವ ಕ್ಲಬ್ಬಾದರೆ ಧೈರ್ಯವಾಗಿ ಸೇರಬಹುದು.